ಬಿಲ್ ಕೌಂಟರಿನ ಮುಂದೆ ಐದು ನಿಮಿಷ

ಪುಟ್ಟ ಮಕ್ಕಳು ಯಾವಾಗ, ಯಾತಕ್ಕೆ ಸಿಟ್ಟಾಗುತ್ತಾರೆ ಎಂದು ಅಮ್ಮಂದಿರ ಕೈಯಲ್ಲೇ ದಿನಚರಿ ಬರೆಸಿ ನೋಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ಲಾರೆನ್ಸ್ ಗುಡ್‌ಇನಫ್. 1931ರಲ್ಲಿ ಬಂದ ಅವರ ಪುಸ್ತಕದಲ್ಲಿ ಕಂಡ ಒಂದು ಸಂಗತಿಯನ್ನು ಯಾವ ಅಜ್ಜಿಯೂ ಒಪ್ಪುತ್ತಾಳೆ: ರಚ್ಚೆ ಜಾಸ್ತಿಯಾಗುವುದು ಊಟಕ್ಕೆ ಮುಂಚಿನ ಹೊತ್ತಿನಲ್ಲಿ, ಮಗು ಹಸಿದು ದಣಿದಿರುವಾಗ. ನಾವು ಭಾನುವಾರ ದಿನಸಿ ತರಲು ಹೊರಡುವುದೂ ಹೆಚ್ಚಾಗಿ ಅದೇ ಹೊತ್ತಿಗೆ.

ಎರಡೂವರೆ ವರ್ಷದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಮಧ್ಯಾಹ್ನ ಹನ್ನೆರಡೂವರೆ. ಸೂಪರ್ ಮಾರ್ಕೆಟ್ಟಿಗೆ ಬಂದು ಒಂದು ಗಂಟೆಯಾಗಿದೆ. ಅಷ್ಟರಲ್ಲಿ ಹತ್ತಾರು ಸಲ 'ಮುಟ್ಬೇಡ', 'ಅಲ್ಲೇ ಇಡು' ಕೇಳಿಸಿಕೊಂಡಿದ್ದಾಳೆ. ಈಗ ಬಿಲ್ ಕೌಂಟರಿನ ಸಾಲು. ಅವಳ ಕಣ್ಣಿನ ಮಟ್ಟಕ್ಕೇ ಚಾಕಲೇಟುಗಳನ್ನು ಜೋಡಿಸಿಟ್ಟಿದ್ದಾರೆ. ಒಂದನ್ನು ಎತ್ತಿಕೊಂಡಳು. ಅಮ್ಮ "ಬೇಡ ಪುಟ್ಟಾ, ಮನೇಲಿದೆ" ಎಂದು ಕೈಯಿಂದ ತೆಗೆದಿಟ್ಟಳು. ಮರುಕ್ಷಣ ಮಗು ನೆಲದ ಮೇಲೆ.

ಆ ಕ್ಷಣದಲ್ಲಿ ಮಿದುಳಿನೊಳಗೆ ಏನಾಯಿತು? ಸಿಗುತ್ತದೆ ಎಂದುಕೊಂಡದ್ದು ಸಿಗದೇ ಹೋದಾಗ ಡೋಪಮೈನ್ ಎಂಬ ರಾಸಾಯನಿಕವನ್ನು ಸುರಿಸುವ ನರಕೋಶಗಳ ಚಟುವಟಿಕೆ ಥಟ್ಟನೆ ಕುಸಿಯುತ್ತದೆ. ವುಲ್ಫ್ರಾಮ್ ಶುಲ್ಟ್ಜ್ ಇದನ್ನು ಮೊದಲು ಕಂಡದ್ದು ಹಣ್ಣಿನ ರಸಕ್ಕೆ ಕಾದಿದ್ದ ಮಂಗಗಳಲ್ಲಿ. ಕೈಗೆ ಬಂದದ್ದು ತಪ್ಪಿಹೋದ ಮಗುವಿಗೂ ಇದು ಬರೀ 'ಸಿಗಲಿಲ್ಲ' ಅಲ್ಲ, 'ಕಳೆದುಹೋಯಿತು'. ಆಪತ್ತನ್ನು ಗುರುತಿಸುವ ಅಮಿಗ್ಡಲ ಎಂಬ ಪುಟ್ಟ ಭಾಗ ಹುಟ್ಟಿನಿಂದಲೇ ಕೆಲಸ ಮಾಡುತ್ತಿರುತ್ತದೆ. ಅದು ಎಚ್ಚೆತ್ತರೆ ಎದೆಬಡಿತ ಏರುತ್ತದೆ, ಮೈ ಬಿಗಿಯುತ್ತದೆ. ಅದನ್ನು ತಡೆದು 'ಇರಲಿ, ಮನೆಯಲ್ಲಿದೆಯಲ್ಲ' ಎನ್ನಬೇಕಾದದ್ದು ಹಣೆಯ ಹಿಂದಿನ ಮುಂಮಿದುಳು. ಅದು ಪೂರ್ತಿ ಬಲಿಯಲು ಇಪ್ಪತ್ತೈದರ ಆಸುಪಾಸಿನವರೆಗೂ ಕಾಯಬೇಕು. ಎರಡೂವರೆ ವರ್ಷಕ್ಕೆ ಇವೆರಡರ ನಡುವಿನ ನರಗಳ ದಾರಿ ಇನ್ನೂ ತೆಳು. ಮಾತೂ ಅಷ್ಟೆ. ಅರ್ಥವಾಗುವುದು ಬಹಳ, ಆಡಲು ಬರುವುದು ಕಡಿಮೆ. 'ಹಸಿವಾಗಿದೆ, ಸಾಕಾಗಿದೆ, ಅದೊಂದು ಬೇಕಿತ್ತು' ಎಂಬ ಮೂರು ಸಂಗತಿಯೂ ಒಂದೇ ಕಿರುಚಾಟವಾಗಿ ಹೊರಬರುತ್ತವೆ. ಹಾಗಾಗಿ 'ಬೇಕಂತಲೇ ಮಾನ ಕಳೀತಾಳೆ' ಎನ್ನುವುದು ಆ ವಯಸ್ಸಿನ ಮಗುವಿಗೆ ಮಾಡುವ ಅನ್ಯಾಯ.

ಇನ್ನು ರಚ್ಚೆಯ ಒಳಗನ್ನೇ ನೋಡೋಣ. ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್ಸನ್ ಒಂದೂವರೆಯಿಂದ ಐದು ವರ್ಷದ ಮುನ್ನೂರಕ್ಕೂ ಹೆಚ್ಚು ಮಕ್ಕಳ ರಚ್ಚೆಯ ವಿವರಗಳನ್ನು ಪೋಷಕರಿಂದ ಬರೆಸಿಕೊಂಡು 2003ರಲ್ಲಿ ಪ್ರಕಟಿಸಿದರು. ಮುಕ್ಕಾಲು ಪಾಲು ರಚ್ಚೆಗಳು ಐದು ನಿಮಿಷದೊಳಗೇ ಮುಗಿದಿದ್ದವು. ಆಮೇಲೆ ಪೊಟೆಗಲ್ ಮತ್ತು ಜೇಮ್ಸ್ ಗ್ರೀನ್ ಮಕ್ಕಳ ಅಂಗಿಯಲ್ಲಿ ಪುಟ್ಟ ಮೈಕ್ ಹೊಲಿದು ದನಿಗಳನ್ನು ಹಿಡಿದರು. ಒಂದೇ ಎಂದುಕೊಂಡಿದ್ದ ರಂಪದಲ್ಲಿ ಎರಡು ಭಾವಗಳಿದ್ದವು. ಕಿರುಚುವುದು, ಒದೆಯುವುದು, ಎಸೆಯುವುದು ಸಿಟ್ಟಿನವು. ಅವು ಬೇಗ ಏರಿ ಬೇಗ ಇಳಿಯುತ್ತವೆ. ಬಿಕ್ಕುವುದು, ಕೊಸರಾಡುತ್ತ ರಾಗ ಎಳೆಯುವುದು ದುಃಖದವು. ಅವು ಮೊದಲಿನಿಂದ ಕೊನೆಯವರೆಗೂ ಅಡಿಯಲ್ಲಿ ಹರಿಯುತ್ತಲೇ ಇರುತ್ತವೆ. ಸಿಟ್ಟು ಇಳಿದಾಗ ಉಳಿಯುವುದು ದುಃಖ. ಬೈದ ಅಮ್ಮನ ಕಡೆಗೇ ಮಗು ಕೈ ಚಾಚುವುದು ಆಗ.

ದೊಡ್ಡವರು ಮಾಡಬೇಕಾದದ್ದನ್ನು ಈ ಕ್ರಮವೇ ಹೇಳುತ್ತದೆ. ಸಿಟ್ಟು ನೆತ್ತಿಗೇರಿರುವಾಗ 'ಯಾಕಮ್ಮಾ? ಏನು ಬೇಕು? ಎಲ್ಲರೂ ನೋಡ್ತಿದ್ದಾರೆ ನೋಡು' ಎಂದರೆ ತಡೆದುಕೊಳ್ಳಲಾಗದ ಮಿದುಳಿಗೆ ಇನ್ನಷ್ಟು ಹೊರೆ ಹಾಕಿದಂತೆ. ಸಾಲು ಬಿಟ್ಟು ಮಗುವನ್ನು ಪಕ್ಕಕ್ಕೆ ಕರೆದೊಯ್ಯಿರಿ, ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ, ಸುಮ್ಮನೆ ಹತ್ತಿರ ಕೂರಿ. ಕಿರುಚಾಟ ಹೋಗಿ ಬಿಕ್ಕಳಿಕೆ ಉಳಿದಾಗ ಎತ್ತಿಕೊಳ್ಳಿ. "ಅದು ಬೇಕಿತ್ತಲ್ವಾ ನಿಂಗೆ" ಎಂಬಷ್ಟು ಮಾತು ಸಾಕು.

ಚಾಕಲೇಟು? ಕೊಡಿಸುವುದಿದ್ದರೆ ಕೇಳಿದ ಕೂಡಲೇ ಕೊಡಿಸಿ. ಬೇಡ ಎಂದ ಮೇಲೆ ಬೇಡವೇ. ಮೂರು ಸಲ ಬೇಡವೆಂದು, ಜನ ತಿರುಗಿ ನೋಡಿದಾಗ ನಾಚಿ ನಾಲ್ಕನೆಯ ಸಲ ಕೊಡಿಸಿದರೆ ಮಗು ಕಲಿಯುವುದು ಇನ್ನೂ ಸ್ವಲ್ಪ ಹೊತ್ತು ಅತ್ತರೆ ಸಿಗುತ್ತದೆ ಎಂಬುದನ್ನೇ. ಯಾವಾಗಲೋ ಒಮ್ಮೆ ಸಿಗುವುದರ ಆಸೆ ಯಾವಾಗಲೂ ಸಿಗುವುದರ ಆಸೆಗಿಂತ ಗಟ್ಟಿ.

ಆದರೆ ಎಲ್ಲವನ್ನೂ ಅಮ್ಮಂದಿರ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಆ ಎತ್ತರದಲ್ಲಿ ಆ ಸಿಹಿ ಇರುವುದು ಅಂಗಡಿಯವರ ಲೆಕ್ಕಾಚಾರ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರಿನಿಂದ ದೊಡ್ಡ ಅಂಗಡಿಗಳ ಬಿಲ್ ಕೌಂಟರಿನ ಬಳಿ ಇಂಥ ತಿನಿಸು ಇಡುವುದಕ್ಕೆ ಕಾನೂನಿನ ನಿರ್ಬಂಧವಿದೆ. ಇಲ್ಲಿಯೂ ಅದು ಬೇಕು.

ಎರಡರಿಂದ ಮೂರು ವರ್ಷದ ನಡುವೆ ರಚ್ಚೆ ಸಹಜ, ಮಾತು ಕೂಡುತ್ತ ಬಂದಂತೆ ಕಡಿಮೆಯಾಗುತ್ತದೆ. ಆದರೆ ಪ್ರತಿ ಸಲವೂ ಅರ್ಧ ಗಂಟೆಯವರೆಗೆ ಎಳೆದರೆ, ದಿನಕ್ಕೆ ಐದಾರು ಸಲ ಬಂದರೆ, ಮಗು ತನ್ನನ್ನೇ ಕಚ್ಚಿಕೊಳ್ಳುತ್ತಿದ್ದರೆ ಅಥವಾ ತಲೆ ಚಚ್ಚಿಕೊಳ್ಳುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು.