ಅರವತ್ತೆಂಟು ಸಾಕಾ, ಎಪ್ಪತ್ತಮೂರು ಬೇಕಾ?

ಕಳೆದ ತಿಂಗಳು ಹಾಸನದಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಬಿಎಸ್ಸಿ ಓದುತ್ತಿದ್ದಾಳೆ. ಎಲ್ಲ ಸೇರಿ ಶೇ. 70 ಬಂದರೆ ಮಾತ್ರ ಅವಳ ವಿದ್ಯಾರ್ಥಿವೇತನ ಮುಂದುವರಿಯುತ್ತದೆ. "ಅಣ್ಣಾ, ಅಸೈನ್‌ಮೆಂಟ್‌ನಲ್ಲಿ 90 ಪರ್ಸೆಂಟ್, ಟೆಸ್ಟ್‌ನಲ್ಲಿ 52. ಪರೀಕ್ಷೆಯಲ್ಲಿ 68 ತಗೊಂಡ್ರೆ ಮೂರೂ ಕೂಡಿ ಸರಾಸರಿ 70 ಆಯ್ತಲ್ವಾ?" ಅಂದಳು.

ನೋಡೋಕೆ ಲೆಕ್ಕ ಸರಿಯಾಗೇ ಇದೆ. ಆದರೆ ಅವಳ ಕಾಲೇಜಿನಲ್ಲಿ ಮೂರಕ್ಕೂ ಒಂದೇ ತೂಕ ಇಲ್ಲ. ಅಸೈನ್‌ಮೆಂಟ್‌ಗೆ 20, ಎರಡು ಟೆಸ್ಟ್‌ಗೆ ಸೇರಿ 30, ಕೊನೆಯ ಪರೀಕ್ಷೆಗೆ 50. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ, 20ರ ತೂಕದ ಅಸೈನ್‌ಮೆಂಟನ್ನು 50ರ ಪರೀಕ್ಷೆಯ ಸಮಕ್ಕೆ ಕೂರಿಸಿದ ಹಾಗಾಗುತ್ತದೆ.

ಸರಿಯಾದ ದಾರಿ ಹೀಗೆ. ಮೊದಲು ಪ್ರತಿಯೊಂದನ್ನೂ ಶೇಕಡಾಕ್ಕೆ ತನ್ನಿ. ಅವಳಿಗೆ ಅಸೈನ್‌ಮೆಂಟ್‌ನಲ್ಲಿ 20ಕ್ಕೆ 18, ಅಂದರೆ ಶೇ. 90. ಟೆಸ್ಟ್‌ಗಳಲ್ಲಿ 25ಕ್ಕೆ 11 ಮತ್ತು 15, ಒಟ್ಟು 50ಕ್ಕೆ 26, ಅಂದರೆ ಶೇ. 52. ಆಮೇಲೆ ತೂಕದಿಂದ ಗುಣಿಸಿ. 20ರಲ್ಲಿ ಶೇ. 90 ಅಂದರೆ 18; 30ರಲ್ಲಿ ಶೇ. 52 ಅಂದರೆ 15.6. ಕೈಯಲ್ಲಿರುವುದು ಒಟ್ಟು 33.6. ಎಪ್ಪತ್ತಕ್ಕೆ ಇನ್ನೂ 36.4 ಬೇಕು, ಅದು ಪರೀಕ್ಷೆಯ 50ರಿಂದಲೇ ಬರಬೇಕು. 100 ಅಂಕದ ಪತ್ರಿಕೆಯಲ್ಲಿ ಅದು 72.8, ಅಂದರೆ 73. ಅವಳು ಅಂದುಕೊಂಡಂತೆ 68 ತಗೊಂಡಿದ್ದರೆ ಒಟ್ಟು 67.6ಕ್ಕೆ ನಿಲ್ಲುತ್ತಿತ್ತು, ವಿದ್ಯಾರ್ಥಿವೇತನ ಹೋಗುತ್ತಿತ್ತು.

ಎಕ್ಸೆಲ್‌ನಲ್ಲಿ ಹಾಕಿ ನೋಡ್ತೀನಿ ಅಂತ ಕೂತವಳು ಐದು ನಿಮಿಷಕ್ಕೆ ಮತ್ತೆ ಫೋನ್ ಮಾಡಿದಳು. "ಅಣ್ಣಾ, ಬರೀ 33.6 ತೋರಿಸ್ತಿದೆ, ನಾನು ಫೇಲಾ?" ಅವಳು ಬರೆದಿದ್ದ ಸೂತ್ರ ಇದು (B ಸಾಲಿನಲ್ಲಿ ಶೇಕಡಾ, C ಸಾಲಿನಲ್ಲಿ ತೂಕ):

```
=SUMPRODUCT(B2:B4,C2:C4)/SUM(C2:C4)
```

ಪರೀಕ್ಷೆ ಇನ್ನೂ ಆಗಿಲ್ಲ, B4 ಖಾಲಿ. ಖಾಲಿ ಮನೆಯನ್ನು ಎಕ್ಸೆಲ್ ಸೊನ್ನೆ ಅಂತಲೇ ಗುಣಿಸುತ್ತದೆ, ಆದರೆ ಅದರ 50 ತೂಕವನ್ನು ಭಾಗಿಸುವಾಗ ಬಿಡುವುದಿಲ್ಲ. ಮುಗಿದಿರುವ ಎರಡು ಸಾಲನ್ನಷ್ಟೇ ತಗೊಳ್ಳಿ:

```
=SUMPRODUCT(B2:B3,C2:C3)/SUM(C2:C3)
```

ಈಗ 67.2 ಬರುತ್ತದೆ. ಇಲ್ಲಿಯವರೆಗಿನ ಅವಳ ನಿಜವಾದ ಸ್ಥಿತಿ ಅದು.

ಇನ್ನೊಂದು ಮಾತು ಅವಳಿಗೆ ಹೇಳಿದೆ. ಅಸೈನ್‌ಮೆಂಟ್‌ನ ಒಂದು ಅಂಕ ಒಟ್ಟಿನಲ್ಲೂ ಪೂರ್ತಿ ಒಂದು. ಪರೀಕ್ಷೆಯ ಒಂದು ಅಂಕ ಅರ್ಧ ಮಾತ್ರ. ಅಸೈನ್‌ಮೆಂಟ್‌ನಲ್ಲಿ ಬಿಟ್ಟ ಆ ಎರಡು ಅಂಕ ಇದ್ದಿದ್ದರೆ ಪರೀಕ್ಷೆಯಲ್ಲಿ 73ರ ಬದಲು 69 ಸಾಕಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ದಿನ ಲೇಟಾಗಿ ಕೊಟ್ಟೆ ಅಂತ ಎರಡು ಕಟ್ ಮಾಡಿದ್ರು" ಅಂದಳು.

ನಿಮ್ಮ ಮಕ್ಕಳ ಅಂಕ ಲೆಕ್ಕ ಹಾಕುವ ಮುಂಚೆ ಪಠ್ಯಕ್ರಮದ ಹಾಳೆಯಲ್ಲಿ ತೂಕ ಎಷ್ಟಿದೆ ನೋಡಿ. ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಕನಿಷ್ಠ ಅಂಕ ಬೇಕಾ, 69.5 ಬಂದರೆ 70 ಅಂತ ಹಿಡೀತಾರಾ ಅನ್ನೋದನ್ನೂ ಕೇಳಿಕೊಳ್ಳಿ. ಅದನ್ನು ಯಾವ ಸೂತ್ರವೂ ಹೇಳೋದಿಲ್ಲ.