ಟ್ರಯಲ್ ರದ್ದಾದ ಮೇಲೂ ಹಣ ಕಡಿತ: ವಾಪಸ್ ಕೇಳುವ ಪತ್ರ ಹೀಗಿರಲಿ

ಏಳು ದಿನ ಉಚಿತ ಎಂದು ಆ್ಯಪ್ ಒಂದಕ್ಕೆ ಸೇರಿ, ಇಷ್ಟವಾಗದೆ ಗಡುವಿಗೆ ಮೊದಲೇ ರದ್ದು ಮಾಡಿದರೂ ಬ್ಯಾಂಕಿನಿಂದ ಹಣ ಕಡಿತವಾದ ಮೆಸೇಜು ಬಂದರೆ ಯಾರಿಗೂ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಕಸ್ಟಮರ್ ಕೇರ್‌ಗೆ ‘ನೀವು ಮೋಸಗಾರರು’ ಎಂದು ಬರೆದರೆ ಬರುವುದು ಸಿದ್ಧ ಉತ್ತರ, ಹಣವಲ್ಲ. ಪತ್ರ ಓದುವ ಸಿಬ್ಬಂದಿ ನಿಮ್ಮ ಖಾತೆಯನ್ನು ಹುಡುಕಬೇಕು, ರದ್ದಾದ ಹೊತ್ತನ್ನೂ ಹಣ ಹೋದ ಹೊತ್ತನ್ನೂ ಹೋಲಿಸಿ ನೋಡಬೇಕು. ಆ ಕೆಲಸಕ್ಕೆ ಬೇಕಾದ ವಿವರ ಪತ್ರದಲ್ಲೇ ಇದ್ದರೆ ನೆಪ ಹೇಳುವುದು ಕಷ್ಟ.

ಬರೆಯುವ ಮೊದಲು ಒಂದು ವಿಷಯ ತಿಳಿದಿರಬೇಕು. ಟ್ರಯಲ್‌ಗೆ ಸೇರುವಾಗ ಎರಡು ಒಪ್ಪಿಗೆ ಕೊಟ್ಟಿರುತ್ತೇವೆ. ಕಂಪನಿಯೊಂದಿಗಿನ ಚಂದಾ ಒಂದು. ಹಣ ಎಳೆದುಕೊಳ್ಳಲು ಬ್ಯಾಂಕಿನಲ್ಲಿ ಅಥವಾ ಯುಪಿಐನಲ್ಲಿ ಕೊಟ್ಟ ಆಟೋಪೇ ಅನುಮತಿ ಇನ್ನೊಂದು. ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಇವೆರಡರಲ್ಲಿ ಯಾವುದೂ ರದ್ದಾಗುವುದಿಲ್ಲ. ಆಟೋಪೇ ಮಾತ್ರ ನಿಲ್ಲಿಸಿದರೆ ಹಣ ಹೋಗುವುದು ನಿಲ್ಲುತ್ತದೆ, ಆದರೆ ಕಂಪನಿಯ ಲೆಕ್ಕದಲ್ಲಿ ನೀವು ಇನ್ನೂ ಚಂದಾದಾರರೇ. ಹಾಗಾಗಿ ನೀವು ರದ್ದು ಮಾಡಿದ್ದು ಚಂದಾವನ್ನೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಚಂದಾ ಪ್ಲೇ ಸ್ಟೋರ್ ಮೂಲಕ ಆಗಿದ್ದರೆ ಹಣ ಪಡೆದದ್ದು ಸ್ಟೋರ್. ಹಣ ಕೇಳಬೇಕಾದದ್ದೂ ಮೊದಲು ಅಲ್ಲೇ.

ಒಂದು ಉದಾಹರಣೆ ನೋಡೋಣ. ಹಾಸನದ ಶಿಕ್ಷಕಿಯೊಬ್ಬರು ಇಂಗ್ಲಿಷ್ ಕಲಿಸುವ ಆ್ಯಪ್‌ನ ಟ್ರಯಲ್‌ಗೆ ಜೂನ್ 3ರಂದು ಸೇರಿದರು ಎಂದುಕೊಳ್ಳಿ. ಜೂನ್ 8ರ ರಾತ್ರಿ ರದ್ದು ಮಾಡಿದರು, ದೃಢೀಕರಣದ ಇಮೇಲ್ ಬಂತು. ಆದರೂ 10ರಂದು 1,499 ರೂಪಾಯಿ ಹೋಯಿತು. ಅವರ ಪತ್ರ ಹೀಗಿರಬಹುದು:

“ವಿಷಯ: ಟ್ರಯಲ್ ರದ್ದಾದ ನಂತರ ಕಡಿತವಾದ 1,499 ರೂ. ಮರುಪಾವತಿ ಕೋರಿ.

ಮಾನ್ಯರೇ,

ಈ ಇಮೇಲ್ ವಿಳಾಸದಲ್ಲೇ ನನ್ನ ಖಾತೆಯಿದೆ. ಜೂನ್ 3ರಂದು ಏಳು ದಿನಗಳ ಉಚಿತ ಟ್ರಯಲ್ ಆರಂಭಿಸಿದೆ. ಜೂನ್ 8ರ ರಾತ್ರಿ 9.40ಕ್ಕೆ ಚಂದಾ ರದ್ದು ಮಾಡಿದೆ. ಅದನ್ನು ದೃಢೀಕರಿಸಿ ನೀವು ಕಳಿಸಿದ ಇಮೇಲ್ ಲಗತ್ತಿಸಿದ್ದೇನೆ. ಆದರೂ ಜೂನ್ 10ರಂದು ಯುಪಿಐ ಮೂಲಕ 1,499 ರೂ. ಕಡಿತವಾಗಿದೆ. ವಹಿವಾಟಿನ ಸಂಖ್ಯೆ ಜೊತೆಗಿರುವ ಸ್ಕ್ರೀನ್‌ಶಾಟ್‌ನಲ್ಲಿದೆ. ರದ್ದು ಮಾಡಿದ ಬಳಿಕ ನಾನು ಆ್ಯಪ್ ಬಳಸಿಲ್ಲ.

ಪೂರ್ತಿ ಹಣವನ್ನು ಅದೇ ಖಾತೆಗೆ ಮರಳಿಸಿ, ಚಂದಾ ಮುಕ್ತಾಯವಾಗಿದೆ ಎಂದು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ. ಈ ದೂರಿನ ಸಂಖ್ಯೆಯನ್ನೂ ಕೊಡಿ.”

ಇಷ್ಟು ಸಾಕು. ಹೆಚ್ಚು ಬರೆದಷ್ಟೂ ದಿನಾಂಕಗಳು ಮರೆಯಾಗುತ್ತವೆ. ಕೊನೆಯ ಕೋರಿಕೆಯನ್ನು ಅನೇಕರು ಬಿಟ್ಟುಬಿಡುತ್ತಾರೆ. ಚಂದಾ ಮುಗಿದದ್ದು ಲಿಖಿತವಾಗಿ ಸಿಗದಿದ್ದರೆ ಮುಂದಿನ ತಿಂಗಳೂ ಹಣ ಹೋಗಬಹುದು. ಪಿನ್, ಒಟಿಪಿ, ಪೂರ್ತಿ ಕಾರ್ಡ್ ಸಂಖ್ಯೆಯನ್ನು ಯಾರು ಕೇಳಿದರೂ ಕೊಡಬೇಡಿ, ಮರುಪಾವತಿಗೆ ಅವು ಬೇಕಾಗುವುದೇ ಇಲ್ಲ. ಕಸ್ಟಮರ್ ಕೇರ್ ನಂಬರನ್ನು ಅಂತರ್ಜಾಲದಲ್ಲಿ ಹುಡುಕಿ ಕರೆ ಮಾಡುವುದೂ ಅಪಾಯ. ವಂಚಕರು ಕಾದಿರುವುದು ಅಲ್ಲೇ. ಆ್ಯಪ್‌ನ ಒಳಗಿರುವ ವಿಳಾಸಕ್ಕೇ ಬರೆಯಿರಿ.

ಬ್ಯಾಂಕಿನ ಮೆಸೇಜುಗಳನ್ನೂ ಒಮ್ಮೆ ಹುಡುಕಿ. ಆಟೋಪೇ ಹಣ ಎಳೆಯುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಈ ಶಿಕ್ಷಕಿಗೆ 9ರ ಬೆಳಿಗ್ಗೆ ಅಂಥ ಮೆಸೇಜು ಬಂದಿದ್ದರೆ ಅದು ಒಳ್ಳೆಯ ಸಾಕ್ಷಿ: ಚಂದಾ ರದ್ದಾದ ಮೇಲೂ ಹಣಕ್ಕೆ ಬೇಡಿಕೆ ಹೋಗಿದೆ ಎಂದು ಅದು ತೋರಿಸುತ್ತದೆ. ಆ ಮೆಸೇಜು ಕಂಡೊಡನೆ ಯುಪಿಐ ಆ್ಯಪ್‌ನಲ್ಲಿ ಆಟೋಪೇ ನಿಲ್ಲಿಸಿದ್ದರೆ ಹಣ ಹೋಗುತ್ತಲೇ ಇರಲಿಲ್ಲ.

ರದ್ದು ಮಾಡಿದ್ದು ಟ್ರಯಲ್ ಮುಗಿಯುವ ಕೊನೆಯ ಗಂಟೆಗಳಲ್ಲಾದರೆ ವಾದ ದುರ್ಬಲ. ಕೆಲವು ಕಡೆ ಕನಿಷ್ಠ ಒಂದು ದಿನ ಮೊದಲೇ ರದ್ದು ಮಾಡಬೇಕೆಂಬ ಷರತ್ತಿರುತ್ತದೆ. ಹಾಗಿದ್ದರೆ ಅದನ್ನು ಮುಚ್ಚಿಡದೆ, ಸೇವೆ ಬಳಸಿಲ್ಲ ಎಂಬ ಕಾರಣ ಕೊಟ್ಟು ಕೇಳುವುದು ಮೇಲು.

ಉತ್ತರ ಬಾರದಿದ್ದರೆ ಅದೇ ಪತ್ರವನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿ. 2020ರ ಇ-ಕಾಮರ್ಸ್ ನಿಯಮಗಳಂತೆ ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಚಂದಾದಿಂದ ಹೊರಬರಲು ಬಿಡದ ಜಾಲವನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲೇ ನಿಷೇಧಿತ ತಂತ್ರಗಳ ಪಟ್ಟಿಗೆ ಸೇರಿಸಿದೆ. ಆ ಮಾತನ್ನು ಈ ಎರಡನೆಯ ಪತ್ರದಲ್ಲಿ ಧಾರಾಳವಾಗಿ ಬರೆಯಬಹುದು. ಅಲ್ಲಿಯೂ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ದೂರು ಕೊಡಬಹುದು.