ಒಂದೇ ಯಂತ್ರ, ಎರಡು ಮಾಧ್ಯಮ: ಪುಟಗಳ ಲೆಕ್ಕ

ಕನ್ನಡ, ಮಲಯಾಳ ಮಾಧ್ಯಮಗಳೆರಡೂ ಇರುವ ಕಾಸರಗೋಡಿನ ಶಾಲೆಯೊಂದರಲ್ಲಿ ಒಂದೇ ಪ್ರತಿಮುದ್ರಣ ಯಂತ್ರವಿದೆಯೆಂದು ಭಾವಿಸೋಣ. ವೆಚ್ಚವನ್ನು ಸಮಪಾಲು ಮಾಡಿದರೆ, ಮಕ್ಕಳ ಸಂಖ್ಯೆ ಕಡಿಮೆಯಿರುವ ನಮ್ಮ ವಿಭಾಗವು ತಾನು ಮುದ್ರಿಸದ ಪುಟಗಳಿಗೂ ಹಣ ತೆರಬೇಕಾಗುತ್ತದೆ. ಬಳಕೆದಾರ ಸಂಕೇತದಿಂದ ಇದನ್ನು ತಪ್ಪಿಸಬಹುದು. ಪ್ರತಿ ವಿಭಾಗಕ್ಕೂ ಯಂತ್ರದಲ್ಲಿ ಒಂದು ಸಂಖ್ಯೆ ನೀಡಿದರೆ, ಅದನ್ನು ಒತ್ತಿ ತೆಗೆದ ಪುಟಗಳು ಆ ಖಾತೆಗೇ ಸೇರುತ್ತವೆ.

ತಿಂಗಳ ಆದಿ, ಅಂತ್ಯಗಳ ಮೀಟರ್ ವ್ಯತ್ಯಾಸ 4,000 ಪುಟ ಎನ್ನೋಣ. ಖಾತೆಗಳಲ್ಲಿ ಕನ್ನಡ 1,200, ಮಲಯಾಳ 2,000, ಕಚೇರಿ 400, ಒಟ್ಟು 3,600. ಕಾಣೆಯಾದ 400 ಪುಟಗಳು ಸಾಮಾನ್ಯವಾಗಿ ಕಂಪ್ಯೂಟರಿನಿಂದ ಸಂಕೇತವಿಲ್ಲದೆ ಮುದ್ರಿತವಾದವು. ಆದುದರಿಂದ ಪ್ರಿಂಟರ್ ಡ್ರೈವರ್‌ನಲ್ಲೂ ಸಂಕೇತ ನಮೂದಿಸಿ, ಸಂಕೇತರಹಿತ ಮುದ್ರಣವನ್ನು ಯಂತ್ರವೇ ತಡೆಯುವಂತೆ ಹೊಂದಿಸಬೇಕು.

ಈ ತಿಂಗಳ ಮಟ್ಟಿಗೆ, ಕಚೇರಿಯದೂ ಕಾಣೆಯಾದುದೂ ಸೇರಿದ 800 ಪುಟಗಳನ್ನು 3:5ರಂತೆ ಹಂಚಿದರೆ ಕನ್ನಡದ ಪಾಲು 1,500 ಪುಟ. ಪುಟಕ್ಕೆ 50 ಪೈಸೆಯಂತೆ 750 ರೂಪಾಯಿ, ಸಮಪಾಲಾಗಿದ್ದರೆ 1,000.

ಒಂದು ಎಚ್ಚರಿಕೆ: ಮೀಟರ್ ಎಣಿಸುವುದು ಹಾಳೆಯನ್ನಲ್ಲ, ಮುದ್ರಿತ ಮುಖವನ್ನು. ಎರಡೂ ಬದಿ ಮುದ್ರಿಸಿದ ಹಾಳೆ ಎರಡೆಂದು ದಾಖಲಾಗುವುದರಿಂದ, ಕಾಗದದ ವೆಚ್ಚವನ್ನು ಪ್ರತ್ಯೇಕವಾಗಿ ಲೆಕ್ಕಹಾಕುವುದೇ ನ್ಯಾಯ.